185ರಿಂದ 195ಕ್ಕೆ: ಟೈರ್ ಬದಲಿಸಿದ ಮೇಲೆ ಮೈಲೇಜ್ ಇಳಿದದ್ದೆಷ್ಟು, ಮೀಟರ್ ಕಡಿಮೆ ಎಣಿಸಿದ್ದೆಷ್ಟು

ನನ್ನ ಹ್ಯಾಚ್‌ಬ್ಯಾಕ್ ಕಾರಿಗೆ ಕಂಪನಿಯಿಂದ ಬಂದಿದ್ದು 185/65 R15 ಟೈರ್. ಅವು ಸವೆದ ಮೇಲೆ ನಾಲ್ಕಕ್ಕೂ 195/65 R15 ಹಾಕಿಸಿದೆ. ಹಾಸನದಿಂದ ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಗಾಗ ಚಾರ್ಮಾಡಿ ಇಳಿದು ಕರಾವಳಿ. ಈ ದಾರಿಗಳಲ್ಲೇ ಈ ಟೈರ್ ಈಗ ಅರ್ಧ ಸವೆದಿದೆ. ಮೊದಲೇ ಹೇಳಿಬಿಡುತ್ತೇನೆ: ಮಳೆಗಾಲದ ತಿರುವುಗಳಲ್ಲಿ ಹಿಡಿತ ಚೆನ್ನಾಗಿದೆ, ಹಂಪು ಗುಂಡಿಗಳಲ್ಲಿ ಕಾರು ಮೊದಲಿಗಿಂತ ಮೆತ್ತಗೆ ಹೋಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಎಲ್ಲೂ ಉಜ್ಜುವುದಿಲ್ಲ. ಹಳೇ ರಿಮ್‌ಗೇ ಕೂತಿದೆ. ಟೈರ್ ಬಗ್ಗೆ ಇಷ್ಟು ಸಾಕು. ನಾನು ವಿವರವಾಗಿ ಬರೆಯಬೇಕೆಂದುಕೊಂಡಿದ್ದು ಮೈಲೇಜ್ ವಿಷಯ. ಈ ಸೈಜ್ ಹಾಕಿಸಿದವರೆಲ್ಲ ಹೇಳುವ ದೂರು ಒಂದೇ: "ಟೈರ್ ಹಾಕಿಸಿದ ದಿನದಿಂದ ಮೈಲೇಜ್ ಬಿತ್ತು." ಆ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪೆಟ್ರೋಲಿನದಲ್ಲ, ಓಡೋಮೀಟರಿನದು.

ನನ್ನ ಲೆಕ್ಕ ಹೀಗಿತ್ತು. ಹಳೇ ಟೈರ್‌ಗಳ ಕೊನೆಯ ದಿನಗಳಲ್ಲಿ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡಿದಾಗ ಲೀಟರಿಗೆ ಸುಮಾರು 18.5 ಕಿ.ಮೀ. ಹೊಸ ಟೈರ್ ಬಂದ ಮೇಲೆ ಅದೇ ದಾರಿ, ಅದೇ ಬಂಕ್, ಅದೇ ಓಡಿಸುವ ರೀತಿ, ಆದರೆ 17.3. ಒಂದು ಲೀಟರಿಗೆ 1.2 ಕಿ.ಮೀ. ಹೋಯಿತು ಅಂದರೆ ಸಣ್ಣ ಮಾತಲ್ಲ. ಬಿ.ಎಂ. ರಸ್ತೆಯ ಟೈರ್ ಅಂಗಡಿಯಲ್ಲಿ ಕೇಳಿದರೆ, "ಅಗಲದ ಟೈರು ಸಾರ್, ಸ್ವಲ್ಪ ಹಂಗೇ" ಎಂದರು. ಅದೇ ಹೊತ್ತಿಗೆ ಇನ್ನೊಂದು ಕಣ್ಣಿಗೆ ಬಿತ್ತು. ಮೊದಲು ಫೋನ್ ತೋರಿಸುವ ದೂರಕ್ಕಿಂತ ಕಾರಿನ ಟ್ರಿಪ್ ಮೀಟರ್ ಯಾವಾಗಲೂ ಮುಂದೆ ಇರುತ್ತಿತ್ತು. ಈಗ ಹೆದ್ದಾರಿಯಲ್ಲಿ ಅದು ಫೋನಿಗಿಂತ ಹಿಂದೆ ಬಿದ್ದಿದೆ.

ಕಾರು ದೂರ ಅಳೆಯುವುದೇ ಇಲ್ಲ, ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ. ಚಕ್ರದ ಬಳಿಯೋ ಗೇರ್‌ಬಾಕ್ಸಿನಲ್ಲೋ ಇರುವ ಸೆನ್ಸರ್ ಎಣಿಕೆ ಕಳಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂಬ ಒಂದು ಸ್ಥಿರ ಸಂಖ್ಯೆಯನ್ನು ಕಂಪನಿಯವರು ಮೊದಲೇ ಒಳಗೆ ಬರೆದಿಟ್ಟಿರುತ್ತಾರೆ. ನನ್ನ ಕಾರಿನ ಸೈಜಿಗೆ ಅದು 1.9 ಮೀಟರಿನ ಆಸುಪಾಸು. ನೀವು ಟೈರ್ ಬದಲಿಸಿದ್ದು, ಟೈರ್ ಸವೆದದ್ದು, ಯಾವುದೂ ಆ ಸಂಖ್ಯೆಗೆ ಗೊತ್ತಾಗುವುದಿಲ್ಲ. ಚಕ್ರ ದೊಡ್ಡದಾದರೆ ಅದೇ ದೂರಕ್ಕೆ ಸುತ್ತು ಕಡಿಮೆ, ಓಡೋಮೀಟರ್ ಕಡಿಮೆ ಎಣಿಸುತ್ತದೆ. ಚಿಕ್ಕದಾದರೆ ಹೆಚ್ಚು.

ಎಷ್ಟು ದೊಡ್ಡದು ಎನ್ನುವುದು ಟೈರಿನ ಮೇಲೇ ಬರೆದಿದೆ. 185 ಅಂದರೆ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ಅಂದರೆ 120.25 ಮಿ.ಮೀ. 15 ಇಂಚಿನ ರಿಮ್ ಅಂದರೆ 381 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ ರಿಮ್: ಒಟ್ಟು 621.5 ಮಿ.ಮೀ. ವ್ಯಾಸ. 195/65 R15ಗೆ ಇದೇ ಲೆಕ್ಕ ಹಾಕಿದರೆ 634.5. ಅನೇಕರು ಇಲ್ಲಿ ಎಡವುತ್ತಾರೆ. 65 ಹಾಗೇ ಇದೆ, 15 ಹಾಗೇ ಇದೆ, ಅಗಲ ಮಾತ್ರ ತಾನೇ ಹೆಚ್ಚಾಗಿದ್ದು ಎಂದುಕೊಳ್ಳುತ್ತಾರೆ. 65 ಎನ್ನುವುದು ಅಗಲದ ಪಾಲು, ಆದ್ದರಿಂದ ಅಗಲ ಹೆಚ್ಚಿದರೆ ಎತ್ತರವೂ ಹೆಚ್ಚುತ್ತದೆ. ಹೀಗೆ ಚಕ್ರ ಶೇ. 2.1ರಷ್ಟು ದೊಡ್ಡದಾಯಿತು.

ಆದರೆ ನಾನು ಹೋಲಿಸುತ್ತಿದ್ದುದು ಹೊಸ 185ರ ಜೊತೆ ಅಲ್ಲ, ಸವೆದ 185ರ ಜೊತೆ. ಹೊಸ ಟೈರಿನ ಮೇಲ್ಮೈಯ ತೋಡುಗಳ ಆಳ ಹೆಚ್ಚುಕಡಿಮೆ 8 ಮಿ.ಮೀ. ಇರುತ್ತದೆ, ನಾನು ಬಿಚ್ಚಿಸಿದಾಗ 2 ಉಳಿದಿತ್ತು. 6 ಮಿ.ಮೀ. ರಬ್ಬರ್ ಹೋದರೆ ವ್ಯಾಸದಲ್ಲಿ 12 ಮಿ.ಮೀ. ಹೋದಂತೆ. ಅದೂ ಸುಮಾರು ಶೇ. 2. ಅಂದರೆ 609.5ರಿಂದ ಒಂದೇ ದಿನದಲ್ಲಿ 634.5ಕ್ಕೆ ಜಿಗಿದಿದ್ದೇನೆ, ಸವೆತ ಮತ್ತು ಸೈಜ್ ಎರಡೂ ಒಂದೇ ದಿಕ್ಕಿಗೆ ಸೇರಿ ಓಡೋಮೀಟರ್ ಶೇ. 4ರಷ್ಟು ಇಳಿದಿದೆ. ಸೈಜ್ ಬದಲಿಸದೆ ಅದೇ 185ರ ಹೊಸ ಜೋಡಿ ಹಾಕಿಸಿದವರಿಗೂ ಇದರಲ್ಲಿ ಅರ್ಧ ಕಾಣಿಸಿಯೇ ತೀರುತ್ತದೆ. ಗಾಳಿಯ ಒತ್ತಡದ ಪಾತ್ರ ಇಲ್ಲಿ ಸಣ್ಣದು. ರೇಡಿಯಲ್ ಟೈರಿನೊಳಗಿನ ಸ್ಟೀಲ್ ಬೆಲ್ಟ್ ಹಿಗ್ಗುವುದಿಲ್ಲ, ಹಾಗಾಗಿ ನಾಲ್ಕೈದು ಪಿಎಸ್ಐ ಆಚೀಚೆ ಆದರೂ ಸುತ್ತಳತೆಯಲ್ಲಿ ವ್ಯತ್ಯಾಸ ಶೇ. 1ರೊಳಗೇ. ಆದರೂ ಅಳೆಯುವ ದಿನ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ಸರಿಮಾಡಿಸಿಕೊಂಡೇ ಹೊರಡಿ.

ಅಳತೆಗೆ ನಾನು ಆರಿಸಿದ್ದು ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದ ಕಡೆಗಿನ ದಾರಿ. ಹೆಚ್ಚು ತಿರುವಿಲ್ಲ, ಮೇಲೆ ಬಯಲು ಆಕಾಶ, ಪಕ್ಕದಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳು. ಒಂದು ಕಲ್ಲಿನ ಬಳಿ ಬದಿಗೆ ನಿಲ್ಲಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಫೋನಿನಲ್ಲಿ ಪ್ರತಿ ಸೆಕೆಂಡಿಗೊಂದು ಬಿಂದು ದಾಖಲಿಸುವ ಜಿಪಿಎಸ್ ಲಾಗರ್ ಹಚ್ಚಿ, 20 ಕಿ.ಮೀ. ಆಚೆಯ ಕಲ್ಲಿನವರೆಗೆ ಹೋಗುವುದು. ಹಿಂತಿರುಗುವಾಗ ಇನ್ನೊಮ್ಮೆ. ಒಂದೆರಡು ಕಿಲೋಮೀಟರಿನಲ್ಲಿ ಈ ಪರೀಕ್ಷೆ ಆಗುವುದಿಲ್ಲ. ಟ್ರಿಪ್ ಮೀಟರ್ ತೋರಿಸುವುದು 100 ಮೀಟರಿನ ಹೆಜ್ಜೆಯಲ್ಲಿ, 2 ಕಿ.ಮೀ.ಗೆ ಅದೇ ಶೇ. 5 ಆಗಿಬಿಡುತ್ತದೆ, 20ಕ್ಕೆ ಅರ್ಧ ಪರ್ಸೆಂಟ್. ಕಲ್ಲನ್ನು ಮಾತ್ರ ನಂಬಲೂಬಾರದು, ರಸ್ತೆ ಅಗಲ ಮಾಡುವಾಗ ಕೆಲವು ಕಲ್ಲು ಜಾಗ ಬದಲಿಸಿರುತ್ತವೆ. ಕಲ್ಲು ಮತ್ತು ಫೋನ್ ಒಂದಕ್ಕೊಂದು ಹೊಂದಿದರೆ ಆಗ ಧೈರ್ಯವಾಗಿ ಲೆಕ್ಕ ಹಾಕಬಹುದು. ನನಗೆ ಹೊಂದಿದವು.

ಹಳೇ ಟೈರ್‌ಗಳಲ್ಲಿ ಇದೇ ದಾರಿಯ 20 ಕಿ.ಮೀ.ಗೆ ಕಾರು 20.6 ತೋರಿಸಿತ್ತು. ಹೊಸದರಲ್ಲಿ 19.8. ಶೇ. 4ರ ಇಳಿಕೆ, ಕಾಗದದ ಲೆಕ್ಕ ಹೇಳಿದ್ದೂ ಅದನ್ನೇ. ಈಗ ಮೈಲೇಜ್ ತಿದ್ದೋಣ. ಹಳೆಯ 18.5ನ್ನು 20.6ರಿಂದ ಭಾಗಿಸಿ 20ರಿಂದ ಗುಣಿಸಿದರೆ ನಿಜವಾದ ಮೈಲೇಜ್ 18.0. ಹೊಸ 17.3ನ್ನು 19.8ರಿಂದ ಭಾಗಿಸಿ 20ರಿಂದ ಗುಣಿಸಿದರೆ 17.5. ಮೀಟರ್ ಪ್ರಕಾರ 1.2 ಹೋಗಿತ್ತು, ರಸ್ತೆಯ ಮೇಲೆ ಹೋದದ್ದು ಅರ್ಧ ಕಿಲೋಮೀಟರ್. ಆ ಅರ್ಧ ಮಾತ್ರ ನಿಜವಾದ ನಷ್ಟ. ಹೊಸ ಟೈರಿನ ದಪ್ಪ ರಬ್ಬರ್ ಉರುಳುವಾಗ ಹೆಚ್ಚು ಬಾಗಿ ಬಿಸಿಯಾಗುತ್ತದೆ, ಜೊತೆಗೆ ಅಗಲ ಮತ್ತು ತೂಕವೂ ಸ್ವಲ್ಪ ಹೆಚ್ಚು. ಮಳೆಯಲ್ಲಿ ಸಿಕ್ಕ ಹಿಡಿತಕ್ಕೆ ಈ ಬೆಲೆ ನನಗೆ ಒಪ್ಪಿಗೆ.

ವೇಗದ ಮುಳ್ಳು ಬೇರೆ ಕಥೆ. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮ 39ರ ಷರತ್ತು, ಹಾಗಾಗಿ ಸಾಮಾನ್ಯವಾಗಿ ತಯಾರಕರು ಅದನ್ನು ಬೇಕೆಂದೇ ಸ್ವಲ್ಪ ಹೆಚ್ಚಿಗೆ ಇಟ್ಟಿರುತ್ತಾರೆ. ಓಡೋಮೀಟರಿಗೆ ಆ ಹೆಚ್ಚಳ ಸೇರಿಸಿರಬೇಕೆಂದಿಲ್ಲ. ಫೋನಿನಲ್ಲಿ 80 ಇದ್ದಾಗ ನನ್ನ ಮುಳ್ಳು ಮೊದಲು 86 ತೋರಿಸುತ್ತಿತ್ತು, ಹೊಸ ಟೈರಿನಲ್ಲಿ 82-83. "ಮುಳ್ಳು ಆರು ಹೆಚ್ಚು ತೋರಿಸುತ್ತದೆ, ಹಾಗಾದರೆ ದೂರವೂ ಅಷ್ಟೇ ಹೆಚ್ಚು" ಎಂಬ ಲೆಕ್ಕ ಇದರಿಂದ ತಪ್ಪಾಗುತ್ತದೆ. ವೇಗದ ಮಿತಿಗಿಂತ ಸ್ವಲ್ಪ ಮೇಲೇ ಮುಳ್ಳಿಟ್ಟು ಓಡಿಸುವ ಅಭ್ಯಾಸ ಇದ್ದವರು ದೊಡ್ಡ ಟೈರ್ ಹಾಕಿದ ಮೇಲೆ ಅದನ್ನು ಬಿಡಬೇಕು.

ಇಷ್ಟು ಓದಿ ಫೋನೇ ಸರಿ, ಕಾರಿನ ಮೀಟರ್ ತಪ್ಪು ಎಂದು ತೀರ್ಮಾನಿಸಬೇಡಿ. ಬಯಲಿನ ನೇರ ರಸ್ತೆಯಲ್ಲಿ ಮಾತ್ರ ಆ ಮಾತು ನಡೆಯುತ್ತದೆ. ಅಲ್ಲಿ ಎರಡು ತುದಿಗಳಲ್ಲಿ ಕೆಲವು ಮೀಟರ್ ತಪ್ಪಿದರೂ 20 ಕಿ.ಮೀ.ಗೆ ಅದು ಲೆಕ್ಕಕ್ಕಿಲ್ಲ. ಘಾಟಿಯಲ್ಲಿ ಫೋನ್ ಸೋಲುತ್ತದೆ. ಅದು ಆಗಾಗ ಒಂದು ಬಿಂದು ಗುರುತಿಸಿ, ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆದು ಕೂಡುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ 15 ಮೀಟರ್ ತ್ರಿಜ್ಯದ ಹೇರ್‌ಪಿನ್ ಒಂದನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ತಿರುಗುತ್ತಿದ್ದೀರಿ ಎಂದುಕೊಳ್ಳಿ. ಸೆಕೆಂಡಿಗೊಂದು ಬಿಂದು ಇದ್ದರೆ ಕಳೆದುಹೋಗುವುದು ಶೇ. 1ರ ಸುಮಾರು. ಬ್ಯಾಟರಿ ಉಳಿಸಲು ಐದು ಸೆಕೆಂಡಿಗೊಂದು ಎಂದು ಹಾಕಿದ್ದರೆ ಚಕ್ರ 42 ಮೀಟರ್ ಉರುಳಿರುತ್ತದೆ, ಫೋನ್ ಬರೆದುಕೊಳ್ಳುವುದು 30 ಮೀಟರ್ ಕೂಡ ಇಲ್ಲ. ಇಡೀ ತಿರುವನ್ನು ಅಡ್ಡದಾರಿ ಹಿಡಿದು ದಾಟಿದ ಹಾಗೆ. ಕೊಟ್ಟಿಗೆಹಾರದಿಂದ ಕೆಳಗಿಳಿಯುವಾಗ ಈ ಎರಡು ಸೆಟ್ಟಿಂಗ್‌ಗಳನ್ನು ಎರಡು ಫೋನಿನಲ್ಲಿ ಒಟ್ಟಿಗೆ ಹಾಕಿ ನೋಡಿದ್ದೇನೆ. ಒಂದೇ ಕಾರಿನಲ್ಲಿ ಕೂತ ಎರಡು ಫೋನ್‌ಗಳೇ ಒಪ್ಪಲಿಲ್ಲ.

ಏರಿಳಿತದಿಂದ ಫೋನ್ ತಪ್ಪುತ್ತದೆ ಎಂಬ ಮಾತೂ ಕೇಳಿಬರುತ್ತದೆ, ಫೋನ್ ಮೇಲಿನಿಂದ ನೋಡಿದ ಚಪ್ಪಟೆ ದೂರ ಎಣಿಸುತ್ತದೆ ಎಂಬ ಕಾರಣಕ್ಕೆ. ನಿಜ, ಆದರೆ ಅದರ ಪಾಲು ತೀರಾ ಸಣ್ಣದು. 100 ಮೀಟರಿಗೆ 8 ಮೀಟರ್ ಏರುವ ಕಡಿದಾದ ರಸ್ತೆಯಲ್ಲೂ ವ್ಯತ್ಯಾಸ 32 ಸೆಂಟಿಮೀಟರ್. ಘಾಟಿಯಲ್ಲಿ ದೂರ ತಿನ್ನುವುದು ತಿರುವು, ಏರು ಅಲ್ಲ. ಮುಳ್ಳಯ್ಯನಗಿರಿಗೆ ಬಾಡಿಗೆ ಕಾರಿನಲ್ಲಿ ಹೋಗಿ ಬಂದು "ನನ್ನ ಫೋನಿನಲ್ಲಿ ಇಷ್ಟೇ ಇದೆ" ಎಂದು ಡ್ರೈವರ್ ಜೊತೆ ವಾದಕ್ಕೆ ನಿಲ್ಲುವ ಪ್ರವಾಸಿಗರಿಗೆ ಇದು ಗೊತ್ತಿರಬೇಕು. ಆ ದಾರಿಯಲ್ಲಿ ಹೆಚ್ಚಾಗಿ ಡ್ರೈವರಣ್ಣನ ಮೀಟರೇ ನಿಜಕ್ಕೆ ಹತ್ತಿರ.

ಫೋನ್ ಹೆಚ್ಚು ತೋರಿಸುವ ಸಂದರ್ಭವೂ ಇದೆ. ಬೇಲೂರಿನಲ್ಲಿ ಕಾರು ನಿಲ್ಲಿಸಿ, ಲಾಗರ್ ಆಫ್ ಮಾಡದೆ, ಶೀಟಿನ ಮಾಡಿನ ಹೋಟೆಲಿನಲ್ಲಿ ತಿಂಡಿ ತಿಂದು ಬಂದರೆ ದೂರಕ್ಕೆ ಕೆಲವು ನೂರು ಮೀಟರ್ ಸೇರಿರುತ್ತದೆ. ಸಿಗ್ನಲ್ ಗೋಡೆ, ಮಾಡುಗಳಿಗೆ ಬಡಿದು ಬಂದು ಬಿಂದು ಅತ್ತಿತ್ತ ಜಿಗಿಯುತ್ತದೆ, ಲಾಗರ್ ಪ್ರತಿ ಜಿಗಿತವನ್ನೂ ಪ್ರಯಾಣ ಎಂದು ಕೂಡುತ್ತದೆ. ಸಿಲ್ವರ್ ಓಕ್ ದಟ್ಟವಾಗಿರುವ ತೋಟದ ರಸ್ತೆಯಲ್ಲಿ ನಿಧಾನ ಹೋಗುವಾಗಲೂ ಸ್ವಲ್ಪ ಹೀಗಾಗುತ್ತದೆ. ಮ್ಯಾಪ್‌ನಲ್ಲಿ ಹೊರಡುವ ಮೊದಲೇ ಕಾಣುವ ದೂರವನ್ನಂತೂ ಈ ಹೋಲಿಕೆಗೆ ತರಲೇಬೇಡಿ. ಅದು ನಕ್ಷೆಯ ಗೆರೆಯ ಉದ್ದ, ನೀವು ಓಡಿಸಿದ್ದಲ್ಲ.

ಹಾಗಾಗಿ ನಾನು ಪಾಲಿಸುವ ಕ್ರಮ ಇದು: ಚನ್ನರಾಯಪಟ್ಟಣದ ನೇರ ರಸ್ತೆಯಲ್ಲಿ ಫೋನಿನಿಂದ ಓಡೋಮೀಟರನ್ನು ತಿದ್ದಿಕೊಳ್ಳುವುದು, ಆ ತಿದ್ದುಪಡಿ ಹಿಡಿದು ಘಾಟಿಯಲ್ಲಿ ಓಡೋಮೀಟರನ್ನೇ ನಂಬುವುದು. ತಿದ್ದುಪಡಿ ಶಾಶ್ವತವಲ್ಲ. ಈಗ ನನ್ನ ಟೈರ್‌ಗಳಲ್ಲಿ 4 ಮಿ.ಮೀ. ಸವೆದಿದೆ, ವ್ಯಾಸ 8 ಮಿ.ಮೀ. ಕುಗ್ಗಿದೆ, ಮೊನ್ನೆ ಅಳೆದಾಗ ಅದೇ 20 ಕಿ.ಮೀ.ಗೆ ಕಾರು ತೋರಿಸಿದ್ದು 20.0. ಮೈಲೇಜ್ 17.7 ಬರುತ್ತಿದೆ, ಸದ್ಯಕ್ಕೆ ಅದಕ್ಕೆ ಯಾವ ತಿದ್ದುಪಡಿಯೂ ಬೇಡ. ಇನ್ನೂ ಸವೆದಂತೆ ಮೀಟರ್ ಮತ್ತೆ ಮುಂದೆ ಓಡತೊಡಗುತ್ತದೆ, ಆಗ ಮೈಲೇಜ್ ಏರಿದಂತೆ ಕಾಣುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಟೈರಿನ ತೋಡಿನ ಆಳ ಅಳೆಸಿ, ಮಿ.ಮೀ.ಗೆ ಶೇ. 0.3ರಂತೆ ಲೆಕ್ಕ ಬದಲಿಸಿಕೊಂಡರೆ ಪ್ರತಿ ಸಲ ಹೆದ್ದಾರಿಗೆ ಹೋಗಿ ಅಳೆಯುವ ಅಗತ್ಯ ಬೀಳುವುದಿಲ್ಲ.