ತೀರಿಕೊಂಡವರ ವಾಟ್ಸಾಪ್ ಮುಚ್ಚುವ ಆತುರದಲ್ಲಿ ಚಾಟ್ ಕಳೆದುಕೊಳ್ಳಬೇಡಿ

ಒಂದು ಮನೆಯಲ್ಲಿ ನಡೆದದ್ದಿದು. ತಂದೆ ತೀರಿಕೊಂಡಿದ್ದರು. ಅವರ ನಂಬರಿಗೆ ಇನ್ನೂ ಮೆಸೇಜು ಬರುತ್ತಿರುವುದನ್ನು ನೋಡಲಾರದೆ, ಮಗ ಅವರ ಆಂಡ್ರಾಯ್ಡ್ ಫೋನಿನ ವಾಟ್ಸಾಪ್‌ನಲ್ಲಿ Settings, ಅಲ್ಲಿಂದ Account, ಅಲ್ಲಿಂದ Delete account ಒತ್ತಿದ. ಅಕೌಂಟ್ ಮಾತ್ರ ಹೋಗುತ್ತದೆ, ಮೆಸೇಜುಗಳು ಫೋನಿನಲ್ಲೇ ಇರುತ್ತವೆ ಎಂದುಕೊಂಡಿದ್ದ. ಅಪ್ಪ ಯಾರಿಗೋ ಕೊಟ್ಟಿದ್ದ ಸಾಲದ ಮಾತುಕತೆಯೂ ಸೇರಿ ಎಲ್ಲ ಅಳಿಸಿಹೋಯಿತು. ಗೂಗಲ್ ಅಕೌಂಟಿನಲ್ಲಿದ್ದ ಬ್ಯಾಕಪ್ಪೂ ಅದರ ಜೊತೆಗೇ ಹೋಯಿತು.

ಕಂಪನಿಗೆ ಬರೆದು ಕೇಳಿ ಪ್ರಯೋಜನವಿಲ್ಲ. ತಲುಪಿದ ಮೆಸೇಜು ವಾಟ್ಸಾಪ್ ಸರ್ವರಿನಲ್ಲಿ ಉಳಿಯುವುದಿಲ್ಲ. ತಲುಪದ್ದನ್ನು ಮಾತ್ರ 30 ದಿನದವರೆಗೆ ಇಟ್ಟುಕೊಳ್ಳುತ್ತಾರೆ, ಅದೂ ಅವರಿಗೆ ಓದಲಾಗದ ರೂಪದಲ್ಲಿ. ಉಳಿಯುವುದು ಎದುರಿನವರ ಫೋನಿನಲ್ಲಿರುವ ಪ್ರತಿ ಮಾತ್ರ. ಆ ಮನೆಯವರಿಗೂ ಅಮ್ಮನ ಫೋನಿನಲ್ಲಿ ಅಪ್ಪನ ವಾಯ್ಸ್ ಮೆಸೇಜುಗಳು ಸಿಕ್ಕವು. ಸಾಲದ ಮಾತುಕತೆ ಇದ್ದದ್ದು ಸಾಲ ಪಡೆದವರ ಫೋನಿನಲ್ಲಿ, ಅದನ್ನು ಕೇಳಿ ಪಡೆಯುವುದು ಸುಲಭವಲ್ಲ.

ಆದ್ದರಿಂದ ಮೊದಲು ಚಾಟ್ ತೆಗೆದಿಟ್ಟುಕೊಳ್ಳಿ. ಬೇಕಾದ ಚಾಟ್ ತೆರೆದು, ಮೇಲಿನ ಮೂರು ಚುಕ್ಕೆ, More, Export chat ಒತ್ತಿ. ಒಂದು ಸಲಕ್ಕೆ ಒಂದೇ ಚಾಟ್ ಬರುತ್ತದೆ. ಫೋಟೋ, ಆಡಿಯೋ ಸೇರಿಸಿದರೆ ಇತ್ತೀಚಿನ 10,000 ಮೆಸೇಜು, ಬರೀ ಅಕ್ಷರವಾದರೆ 40,000. ಉದ್ದದ ಚಾಟಾದರೆ ಹಳೆಯದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಬಂದ ಫೈಲ್ ತೆರೆದು ಮೊದಲ ಸಾಲಿನ ತಾರೀಖು ನೋಡಿದರೆ ಎಲ್ಲಿಂದ ಸಿಕ್ಕಿದೆ ಎಂದು ತಿಳಿಯುತ್ತದೆ. ಸಿಗದ ಹಳೆಯ ಭಾಗದಲ್ಲಿ ಮುಖ್ಯವಾದದ್ದಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಈ ಫೈಲ್ ಓದಲಿಕ್ಕೆ ಮಾತ್ರ, ಮತ್ತೆ ವಾಟ್ಸಾಪ್‌ಗೆ ಹಾಕಲು ಬರುವುದಿಲ್ಲ. ಅದರಲ್ಲಿ ಬೇರೆಯವರ ಖಾಸಗಿ ಮಾತೂ ಇರುತ್ತದೆ, ಮನೆಯ ಗ್ರೂಪಿಗೆ ಹಾಗೇ ಹಂಚಬೇಡಿ.

ಫೋನ್ ಒಡೆದಿದ್ದರೆ ಬ್ಯಾಕಪ್ ಒಂದೇ ದಾರಿ. ಆಂಡ್ರಾಯ್ಡ್‌ನಲ್ಲಿ ಅದನ್ನು ಮರಳಿ ತರಲು ಅದೇ ನಂಬರ್, ಅದೇ ಗೂಗಲ್ ಅಕೌಂಟ್ ಎರಡೂ ಬೇಕು, ನಂಬರಿಗೆ ಬರುವ ಕೋಡ್ ಹಾಕಬೇಕು. ಬ್ಯಾಕಪ್ಪಿಗೆ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಇಟ್ಟಿದ್ದು ಅದು ಯಾರಿಗೂ ಗೊತ್ತಿಲ್ಲದಿದ್ದರೆ ಆ ದಾರಿಯೂ ಮುಚ್ಚಿದಂತೆ. ಸಿಮ್ ರದ್ದು ಮಾಡುವುದು, ಜಿಮೇಲ್ ಮುಚ್ಚುವುದು ಕಟ್ಟಕಡೆಯ ಕೆಲಸವಾಗಲಿ.

ಅಕೌಂಟ್ ಮುಚ್ಚಬೇಕಾಗಿದ್ದು ಫೋನಿನ ಲಾಕ್ ತೆಗೆಯಲು ಬಾರದಿದ್ದರೆ ಫೋನನ್ನು ಇಂಟರ್ನೆಟ್ಟಿನಿಂದ ದೂರವಿಡಿ. ವಾಟ್ಸಾಪ್‌ಗೆ ಸಂಪರ್ಕವಿಲ್ಲದೆ 120 ದಿನ ಕಳೆದರೆ ಅಕೌಂಟನ್ನು ಸಾಮಾನ್ಯವಾಗಿ ಕಂಪನಿಯೇ ಅಳಿಸುತ್ತದೆ. ವೈಫೈ ಹಿಡಿದುಕೊಂಡೇ ಚಾರ್ಜಿಗಿಟ್ಟ ಫೋನಿನಲ್ಲಿ ಈ ಲೆಕ್ಕ ಶುರುವಾಗುವುದೇ ಇಲ್ಲ.