ನಿಫ್ಟಿ ಮೇಲೆ ಗ್ಯಾನ್‌ನ 1x1 ಗೆರೆ: ಮೂರು ಬಗೆಯಲ್ಲಿ ಎಳೆದು ನೋಡಿದ್ದು

ಅಮೆರಿಕದ ಹಳೇ ಟ್ರೇಡರ್ ಡಬ್ಲ್ಯು. ಡಿ. ಗ್ಯಾನ್ ಹೇಳುವ 1x1 ಗೆರೆ ಸರಳ: ಸಮಯ ಒಂದು ಹೆಜ್ಜೆ ಹೋದರೆ ಬೆಲೆಯೂ ಒಂದು ಹೆಜ್ಜೆ. ಬೆಲೆ ಗೆರೆಯ ಮೇಲಿದ್ದರೆ ಏರಿಕೆಗೆ ಬಲ ಇದೆ, ಕೆಳಗಿಳಿದರೆ ಬೆಲೆ ಸಮಯಕ್ಕಿಂತ ಹಿಂದೆ ಬಿದ್ದಿದೆ ಎಂದು ಲೆಕ್ಕ. ಆದರೆ ಬೆಲೆಯ ಒಂದು ಹೆಜ್ಜೆ ಅಂದ್ರೆ ಎಷ್ಟು? ಇಲ್ಲೇ ಇರೋದು ಪೇಚು.

ನಿಫ್ಟಿಯ ವೀಕ್ಲಿ ಚಾರ್ಟ್‌ನಲ್ಲಿ, 24 ಮಾರ್ಚ್ 2020ರ 7,511ರ ಸ್ವಿಂಗ್ ಲೋದಿಂದ ಮೂರು ಗೆರೆ ಎಳೆದೆ.

ಮೊದಲನೆಯದು ಪರದೆಯ ಮೇಲೆ ಅಳೆದ 45 ಡಿಗ್ರಿ. ಇದು ಸುಮ್ನೆ ದಂಡ. ಚಾರ್ಟನ್ನು ಹಿಗ್ಗಿಸಿದರೆ ಗೆರೆಯ ಕೋನ ಅಷ್ಟೇ ಇರುತ್ತದೆ, ಕ್ಯಾಂಡಲ್‌ಗಳ ಇಳಿಜಾರು ಬದಲಾಗುತ್ತದೆ. ನಿಮ್ಮ ಮಾನಿಟರ್‌ನಲ್ಲಿ ಸಪೋರ್ಟ್ ಆಗಿದ್ದು ನನ್ನ ಮೊಬೈಲ್‌ನಲ್ಲಿ ಗಾಳಿಯಲ್ಲಿ ತೇಲುತ್ತದೆ. ಕೋನವೇ ಬೇಕೆಂದರೆ ಟ್ರೇಡಿಂಗ್‌ವ್ಯೂನಲ್ಲಿ Lock price to bar ratio ಹಾಕಿಕೊಳ್ಳಬೇಕು.

ಎರಡನೆಯದು ಮಾಮೂಲಿ ಟ್ರೆಂಡ್‌ಲೈನ್. ಸೆಪ್ಟೆಂಬರ್ 2020ರ ಲೋ ಸುಮಾರು 10,790. ಅದಕ್ಕೆ ಸೇರಿಸಿದರೆ ವಾರಕ್ಕೆ ಸುಮಾರು 126 ಪಾಯಿಂಟ್ ಏರುವ ಗೆರೆ ಸಿಗುತ್ತದೆ. ಇಳಿಜಾರನ್ನು ಮಾರುಕಟ್ಟೆಯೇ ಕೊಟ್ಟದ್ದು, ಅದು ಇದರ ಒಳ್ಳೆಯ ಗುಣ. ಆದರೆ ಆರು ತಿಂಗಳು ಕಾಯಬೇಕು. 2021ರ ಏಪ್ರಿಲ್ ಮತ್ತು ಜುಲೈನಲ್ಲಿ ಬೆಲೆ ಗೆರೆಯ ಕೆಳಗೆ ಜಾರಿತು, ಎರಡು ಸಲವೂ ಆಮೇಲೆ ಮೇಲೆದ್ದಿತು. ಅಲ್ಲಿ ಮಾರಿದವರಿಗೆ 18,604ರ ಅಕ್ಟೋಬರ್ ಶಿಖರ ಸಿಗಲಿಲ್ಲ.

ಮೂರನೆಯದು ವಾರಕ್ಕೆ 100 ಪಾಯಿಂಟ್ ಎಂದು ಗೊತ್ತು ಮಾಡಿ ಎಳೆದ 1x1. ಇದಕ್ಕೆ ಒಂದೇ ಬಿಂದು ಸಾಕು, ಮೊದಲ ದಿನವೇ ಎಳೆಯಬಹುದು. 91ನೇ ವಾರ, ಅಂದರೆ ಡಿಸೆಂಬರ್ 2021ರಲ್ಲಿ, ಗೆರೆ 16,611ರಲ್ಲಿತ್ತು. ಆ ತಿಂಗಳ 20ರಂದು ನಿಫ್ಟಿ ಮುಗಿದದ್ದು 16,614ಕ್ಕೆ! ವಾರದ ಕೊನೆಗೆ 17,000 ದಾಟಿತು. ಆಮೇಲೆ 18 ಫೆಬ್ರವರಿ 2022ರ ವಾರ 17,276ಕ್ಕೆ ಮುಗಿದು ಗೆರೆಯ 17,411ರ ಕೆಳಗೆ ಹೋಯಿತು. ಅದೇ ವರ್ಷದ ಜೂನ್‌ನಲ್ಲಿ 15,183ಕ್ಕೆ ಇಳಿಯಿತು.

ಚೆನ್ನಾಗಿದೆ ಅಲ್ವಾ? ಈಗ 100ರ ಬದಲು 110 ಹಾಕಿ ನೋಡಿ. ಆ ಡಿಸೆಂಬರ್ ವಾರದಲ್ಲಿ ಗೆರೆ 17,521ಕ್ಕೆ ಹೋಗುತ್ತದೆ, ಬೆಲೆ ಆಗಲೇ ಅದರ ಕೆಳಗಿದೆ. 90 ಹಾಕಿದರೆ ಗೆರೆ 15,701ರಲ್ಲಿ, ಬೆಲೆ ಹತ್ತಿರಕ್ಕೂ ಬರುವುದಿಲ್ಲ. ಶಿಖರದವರೆಗಿನ ನಿಜವಾದ ಸರಾಸರಿಯೇ ವಾರಕ್ಕೆ 135 ಇತ್ತು. ಹಾಗಾಗಿ 100 ಹೊಂದಿಕೊಂಡದ್ದನ್ನು ನಿಯಮ ಎನ್ನಲು ನನಗೆ ಧೈರ್ಯವಿಲ್ಲ. ಹಳೇ ಚಾರ್ಟ್ ಮೇಲೆ ಹೊಂದುವ ಅಂಕಿ ಹುಡುಕುವುದು ಬಹಳ ಸುಲಭ.

ನಾನು ಇಟ್ಟುಕೊಂಡದ್ದು ಮೂರನೆಯದನ್ನೇ, ಆದರೆ ಕರಾರಿನ ಮೇಲೆ. ಅಂಕಿಯನ್ನು ಲೋ ಬಿದ್ದ ವಾರವೇ ಬರೆದಿಡುತ್ತೇನೆ, ಆಮೇಲೆ ಮುಟ್ಟುವುದಿಲ್ಲ. ವಾರದ ಮುಕ್ತಾಯವನ್ನು ಮಾತ್ರ ನೋಡುತ್ತೇನೆ, ಲಾಗ್ ಸ್ಕೇಲ್ ಹಾಕುವುದಿಲ್ಲ, ಅದರಲ್ಲಿ ಈ ಗೆರೆ ಬಾಗುತ್ತದೆ. ಗೆರೆ ಮುರಿದರೆ ಹೊಸ ಖರೀದಿ ನಿಲ್ಲಿಸುತ್ತೇನೆ. ಶಾರ್ಟ್ ಮಾಡಲು ಇದೊಂದನ್ನೇ ನಂಬುವುದಿಲ್ಲ.