ಸ್ಯಾಂಪಲ್ ಸೆಟ್, ಡಿಕ್ಯಾಂಟ್, ಸ್ವಾಪ್: ಕಮ್ಮಿ ದುಡ್ಡಲ್ಲಿ ಪರ್ಫ್ಯೂಮ್ ಕಲೆಕ್ಷನ್, ವರ್ಷಗಟ್ಲೆ ಬಳಸಿದ ಮೇಲಿನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಯಾವುದೋ ಒಂದು ಬಾಟಲ್ ರಿವ್ಯೂ ಅಲ್ಲ. ಫುಲ್ ಬಾಟಲ್ ತಗೊಳ್ದೆ ಬರೀ ಸ್ಯಾಂಪಲ್ ಸೆಟ್, ಡಿಕ್ಯಾಂಟ್, ಸ್ವಾಪ್ ಇಷ್ಟರಲ್ಲೇ ಕಲೆಕ್ಷನ್ ಕಟ್ಟೋ ಪದ್ಧತಿ ಇದ್ಯಲ್ಲ ಅದರ ರಿವ್ಯೂ. ನಾನಿರೋದು ದಾವಣಗೆರೆಲಿ, ಇಲ್ಲಿ ದೊಡ್ಡ ಬ್ರ್ಯಾಂಡ್‌ಗಳ ಕೌಂಟರ್‌ಗೆ ಹೋಗಿ ಕೈಗೆ ಹಚ್ಚಿ ನೋಡೋಣ ಅಂದ್ರೆ ಆಗಲ್ಲ, ಆನ್‌ಲೈನಲ್ಲಿ ಮೂಸಿ ನೋಡಕ್ಕೂ ಆಗಲ್ಲ, ಹಂಗಾಗಿ ಚಿಕ್ಕ ಶೀಶೆ ಬಿಟ್ರೆ ಬೇರೆ ದಾರಿನೇ ಇಲ್ಲ.

ಗೊತ್ತಿಲ್ದೆ ಇರೋರಿಗೆ, ಡಿಕ್ಯಾಂಟ್ ಅಂದ್ರೆ ಒರಿಜಿನಲ್ ಬಾಟಲಿಂದ 5 ಅಥವಾ 10 ಎಂಎಲ್ ತೆಗ್ದು ಚಿಕ್ಕ ಗಾಜಿನ ಸ್ಪ್ರೇ ಶೀಶೆಗೆ ತುಂಬಿ ಕೊಡೋದು. ಸ್ಯಾಂಪಲ್ ಸೆಟ್ ಅಂದ್ರೆ ಕಂಪನಿಯವರೇ ಮಾರೋ 1.5, 2 ಎಂಎಲ್ ಶೀಶೆಗಳ ಡಬ್ಬಿ. ಸ್ವಾಪ್ ಅಂದ್ರೆ ನಮ್ಮ ಹತ್ರ ಇರೋದನ್ನ ಇನ್ನೊಬ್ರಿಗೆ ಕೊಟ್ಟು ಅವರ ಹತ್ರ ಇರೋದನ್ನ ತಗೊಳ್ಳೋದು.

ಸ್ಯಾಂಪಲ್ ಸೆಟ್‌ಗೆ ನನ್ನ ಮಾರ್ಕ್ಸು 5ಕ್ಕೆ 4. ಇದರ ರೇಟನ್ನ ಎಂಎಲ್ ಲೆಕ್ಕದಲ್ಲಿ ನೋಡ್ಬೇಡಿ. 2 ಎಂಎಲ್‌ನ 8 ಶೀಶೆ ಇರೋ ಸೆಟ್ 800 ರೂಪಾಯಿ ಅಂತ ಇಟ್ಕೊಳ್ಳಿ, ಎಂಎಲ್‌ಗೆ 50 ಆಯ್ತು, ಪರ್ವಾಗಿಲ್ಲ ಅನ್ಸತ್ತೆ. ಆದ್ರೆ ಎಂಟರಲ್ಲಿ ನಿಮಗೆ ಹಿಡ್ಸೋದು ಎರಡೇ ಇರತ್ತೆ, ಅಂದ್ರೆ ಇಷ್ಟ ಆದ 4 ಎಂಎಲ್‌ಗೆ 800 ಕೊಟ್ಟಂಗೆ, ಎಂಎಲ್‌ಗೆ 200. ದುಬಾರಿನೇ. ಆದ್ರೂ ಮೂಸ್ದೆ ಒಂದು ಫುಲ್ ಬಾಟಲ್ ತರ್ಸಿ ಅದು ಕಪಾಟಲ್ಲೇ ಕೂತ್ಕೊಳ್ಳೋದಕ್ಕೆ ಹೋಲಿಸಿದ್ರೆ ಅಗ್ಗ. ನಮ್ಮ ದೇಶದ ಕೆಲವು ಚಿಕ್ಕ ಬ್ರ್ಯಾಂಡ್‌ಗಳು ಸೆಟ್ ಜೊತೆ ಕೂಪನ್ ಕೊಡ್ತಾರೆ, ಆಮೇಲೆ ಫುಲ್ ಬಾಟಲ್ ತಗೊಂಡ್ರೆ ಆ ದುಡ್ಡು ಕಳೀತಾರೆ, ಆರ್ಡರ್ ಮಾಡೋ ಮುಂಚೆ ಅದೊಂದು ಇದ್ಯಾ ನೋಡ್ಕೊಳ್ಳಿ. ಒಂದು ಮಾರ್ಕ್ಸು ಕಟ್ ಮಾಡಿದ್ದು ಯಾಕಂದ್ರೆ ತುಂಬಾ ಸೆಟ್‌ಗಳಲ್ಲಿ ಸ್ಪ್ರೇ ಇರಲ್ಲ, ಬರೀ ಕಡ್ಡಿ ಇರೋ ಮುಚ್ಚಳ. ಕಡ್ಡೀಲಿ ತೀಡಿದ್ರೆ ಚರ್ಮಕ್ಕೆ ಬೀಳೋದು ಒಂಚೂರು, ಸ್ಪ್ರೇ ಮಾಡ್ದಾಗ ಗಾಳೀಲಿ ಹರಡೋ ಮೊದಲ ಹತ್ತು ನಿಮಿಷದ ಆ ನಿಂಬೆ ಕಿತ್ತಳೆ ಘಮ ಗೊತ್ತೇ ಆಗಲ್ಲ. ಒಂದು ದಿನಕ್ಕೆ ಎರಡೇ, ಒಂದೊಂದು ಕೈಗೆ ಒಂದೊಂದು, ನಾಲ್ಕು ಗಂಟೆ ಆದ್ಮೇಲೆ ಮತ್ತೆ ಮೂಸಿ. ಮೂರನೇದು ಹಚ್ಚಿದ್ರಿ ಅಂದ್ರೆ ಯಾವುದು ಯಾವುದು ಅಂತ ಮೂಗಿಗೆ ತಿಳಿಯಲ್ಲ.

ಈಗ ಡಿಕ್ಯಾಂಟ್. ಇಲ್ಲಿ ನಾನು ಹೇಳ್ಬೇಕಿರೋದು ಒಂದೇ ವಿಷ್ಯ: ಚಿನ್ನ ತೂಗ್ತಾರಲ್ಲ ಆ ಥರದ್ದು 0.01 ಗ್ರಾಂ ತೋರ್ಸೋ ಪುಟ್ಟ ಪಾಕೆಟ್ ಸ್ಕೇಲ್ ಒಂದು ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗತ್ತೆ. ಈ ಹವ್ಯಾಸಕ್ಕೆ ನಾನು ತಗೊಂಡಿದ್ರಲ್ಲಿ ಅತಿ ಉಪಯೋಗಕ್ಕೆ ಬಂದಿರೋದು ಪರ್ಫ್ಯೂಮ್ ಅಲ್ಲ, ಆ ಸ್ಕೇಲು.

ಯಾಕೆ ಅಂದ್ರೆ ಪರ್ಫ್ಯೂಮಲ್ಲಿ ಜಾಸ್ತಿ ಪಾಲು ಆಲ್ಕೋಹಾಲ್, ಅದು ನೀರಿಗಿಂತ ಹಗುರ. 10 ಎಂಎಲ್ ಪರ್ಫ್ಯೂಮ್ ಸುಮಾರು 8.2ರಿಂದ 8.7 ಗ್ರಾಂ ತೂಗತ್ತೆ. ಶೀಶೆ ಖಾಲಿ ತೂಕ ಗೊತ್ತಿದ್ರೆ ಒಳಗೆ ಎಷ್ಟಿದೆ ಅಂತ ಕಣ್ಣಳತೆ ಬೇಡ, ಲೆಕ್ಕ ಸಿಗತ್ತೆ. ಗಾಜು ದಪ್ಪ ಇದ್ರೆ 8 ಎಂಎಲ್ ಕೂಡ 10 ಥರ ಕಾಣತ್ತೆ, ಹಂಗಾಗಿ ಕಣ್ಣನ್ನ ನಂಬಕ್ಕಾಗಲ್ಲ.

ಇನ್ನೊಂದು ದೊಡ್ಡ ಉಪಯೋಗ ಇದೆ. "ಡಿಕ್ಯಾಂಟ್ ವೀಕ್ ಇದೆ, ನೀರು ಬೆರ್ಸಿದಾರೆ, ಡೂಪ್ಲಿಕೇಟು" ಅಂತ ಎಲ್ರೂ ಬೈತಾರಲ್ಲ, ಒಂದ್ಸಲ ಹತ್ತು ಸ್ಪ್ರೇ ಮುಂಚೆ, ಹತ್ತು ಸ್ಪ್ರೇ ಆದ್ಮೇಲೆ ಶೀಶೆ ತೂಗಿ ನೋಡಿ. ಫುಲ್ ಬಾಟಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಸ್ಪ್ರೇಗೆ 0.1 ಎಂಎಲ್ ಹತ್ರ ಬರತ್ತೆ, ನನ್ನ ಹತ್ರ ಇರೋ ಅಗ್ಗದ 5 ಎಂಎಲ್ ಶೀಶೆಗಳಲ್ಲಿ ಅದರ ಅರ್ಧ ಚಿಲ್ಲರೆ ಅಷ್ಟೆ. ಬಾಟಲಲ್ಲಿ ನಾಲ್ಕು ಸ್ಪ್ರೇ ಹೊಡ್ಕೊಳ್ತಿದ್ದೋರು ಡಿಕ್ಯಾಂಟಲ್ಲೂ ನಾಲ್ಕೇ ಹೊಡ್ದು ಸಂಜೆ ತನಕ ಬರ್ಲಿಲ್ಲ ಅಂದ್ರೆ ಮಾಲಿನ ತಪ್ಪಲ್ಲ, ಸ್ಪ್ರೇ ಪಂಪು ಕೊಡೋದೇ ಕಮ್ಮಿ. ತೂಕದಲ್ಲಿ ಸಮ ಬರೋ ಹಂಗೆ ಆರೋ ಏಳೋ ಸ್ಪ್ರೇ ಮಾಡ್ಕೊಂಡು ಹೋಲ್ಸಿ, ಆಗ್ಲೂ ಬೇಗ ಹೋಯ್ತು ಅಂದ್ರೆ ಮಾತ್ರ ಅನುಮಾನ ಪಡಿ. ಆಗ ನಾನು ಮಾಡೋದು ಇಷ್ಟೇ: ಗೊತ್ತಿರೋ ಕಡೆಯಿಂದ ಬಂದ ಸ್ಯಾಂಪಲ್ಲು, ಅನುಮಾನದ ಡಿಕ್ಯಾಂಟು, ಎರಡನ್ನೂ ಘಮ ನೋಡಕ್ಕಂತ ಇರೋ ಕಾಗದದ ಪಟ್ಟಿ, ಅಂದ್ರೆ ಬೇರೆ ಬೇರೆ ಬ್ಲಾಟರ್ ಸ್ಟ್ರಿಪ್‌ಗೆ ಹಾಕಿ ಮಾರನೇ ದಿನ ಬೆಳಿಗ್ಗೆ ಮೂಸ್ತೀನಿ. ಮೊದಲ ಘಮ ನಕಲು ಮಾಡೋದು ಸುಲಭ, ಮಾರನೇ ದಿನ ಉಳಿಯೋ ಬೇಸ್ ನಕಲು ಮಾಡೋದು ಅಷ್ಟು ಸುಲಭ ಅಲ್ಲ.

ದುಡ್ಡಿನ ಲೆಕ್ಕ ಬೇಕಂದ್ರೆ ಹಿಂಗೆ. 100 ಎಂಎಲ್ ಬಾಟಲ್ 8,000, ಅದರದ್ದೇ 10 ಎಂಎಲ್ ಡಿಕ್ಯಾಂಟ್ 1,200 ಅಂತಿಟ್ಕೊಳ್ಳಿ. ಎಂಎಲ್‌ಗೆ 80 ಆಗೋದನ್ನ 120 ಕೊಟ್ಟು ಯಾಕೆ ತಗೋಬೇಕು ಅಂತ ನಮ್ಮಣ್ಣ ಕೇಳ್ತಾನೇ ಇರ್ತಾನೆ. ಒಂದು ಸಲಕ್ಕೆ 0.4 ಎಂಎಲ್ ಹಾಕಿದ್ರೆ ಡಿಕ್ಯಾಂಟ್ 25 ಸಲಕ್ಕೆ, ಬಾಟಲ್ 250 ಸಲಕ್ಕೆ ಬರತ್ತೆ. ಅದೊಂದನ್ನೇ ದಿನಾ ಹಾಕೋರಾದ್ರೆ ಬಾಟಲೇ ಲಾಭ, ಅದ್ರಲ್ಲಿ ವಾದ ಇಲ್ಲ. ವಾರಕ್ಕೆ ಒಂದ್ಸಲ ಹಾಕೋರಿಗೆ 250 ಸಲ ಅಂದ್ರೆ ಐದು ವರ್ಷ ಹತ್ರ, ಅಷ್ಟರಲ್ಲಿ ರುಚಿನೂ ಬದ್ಲಾಗಿರತ್ತೆ, ಬಾಟಲ್ ಅರ್ಧ ಖಾಲಿ ಆಗಿ ಒಳಗಿನ ಗಾಳಿಗೆ ಸಿಟ್ರಸ್ ನೋಟ್ಸೂ ಹಳಸಿರತ್ತೆ. ನಾನು ಇಟ್ಕೊಂಡಿರೋ ನಿಯಮ: 10 ಎಂಎಲ್ ಮೂರು ತಿಂಗಳಲ್ಲಿ ಖಾಲಿ ಆದ್ರೆ ಬಾಟಲ್ ಬಗ್ಗೆ ಯೋಚ್ನೆ, ಇಲ್ಲಾಂದ್ರೆ ಮತ್ತೆ ಡಿಕ್ಯಾಂಟೇ.

ಸ್ವಾಪ್ ಬಗ್ಗೆ ಒಂದು ವ್ಯವಹಾರನೇ ಹೇಳ್ತೀನಿ. ಮಂಗಳೂರಿನ ಮೇಡಂ ಒಬ್ರ ಹತ್ರ ಡಿಪ್ಟಿಕ್‌ನವರ ಟಾಮ್ ದಾವ್ ಅನ್ನೋ ಗಂಧದ ಪರ್ಫ್ಯೂಮ್ ಇತ್ತು, ನನ್ನ ಹತ್ರ ಟೆರ್ ದೆರ್ಮೆಸ್ ಜಾಸ್ತಿ ಇತ್ತು. ಶ್ರೀಗಂಧದ ಊರಿನೋರಾಗಿ ಹೊರಗಿನವರು ಗಂಧ ಹೆಂಗೆ ಮಾಡ್ತಾರೆ ನೋಡೋ ಆಸೆ ನಂಗೆ. (ಲೆ ಲಾಬೊ ಸಾಂಟಾಲ್ 33 ಆಗ್ಲೇ ಮೂಸಿದ್ದೆ, ಅಷ್ಟು ಹೆಸರು ಮಾಡಿರೋ ಅದು ನನ್ನ ಮೂಗಿಗೆ ಗಂಧಕ್ಕಿಂತ ಉಪ್ಪಿನಕಾಯಿ ಜಾಡಿಗೆ ಹತ್ರ, ಬೈಬೇಡಿ.) ಸ್ವಾಪಲ್ಲಿ ಎಂಎಲ್‌ಗೆ ಎಂಎಲ್ ಕೊಡಲ್ಲ, ಬೆಲೆಗೆ ಬೆಲೆ. ಎಂಆರ್‌ಪಿ ಹಿಡಿದ್ರೆ ಜಗಳ ಆಗತ್ತೆ, ಆ ದಿನ ಆನ್‌ಲೈನಲ್ಲಿ ಸಿಗೋ ಡಿಸ್ಕೌಂಟ್ ರೇಟು ಹಿಡೀಬೇಕು. ನಾವು ಒಪ್ಕೊಂಡಿದ್ದು ನಂದು ಎಂಎಲ್‌ಗೆ 80, ಅವರದ್ದು 160, ಹಂಗಾಗಿ ನನ್ನ 10 ಎಂಎಲ್‌ಗೆ ಅವರ 5 ಎಂಎಲ್. ಇಬ್ರೂ ಖಾಲಿ ಶೀಶೆ ಸ್ಕೇಲ್ ಮೇಲಿಟ್ಟು ಒಂದು ಫೋಟೋ, ತುಂಬಿದ ಮೇಲೆ ಒಂದು ಫೋಟೋ, ಬಾಟಲ್ ತಳದ ಬ್ಯಾಚ್ ಕೋಡ್ ಮತ್ತು ಬಾಕ್ಸಿನ ಕೋಡ್ ಒಂದೇ ಇರೋದು ಕಾಣೋ ಹಂಗೆ ಇನ್ನೊಂದು ಫೋಟೋ ಕಳಿಸ್ಕೊಂಡ್ವಿ.

ಅವರು ಕಳ್ಸಿದ್ದು ಹೊರಡುವಾಗ 25.60 ಗ್ರಾಂ, ಖಾಲಿ ಶೀಶೆ 21.40, ಅಂದ್ರೆ ಒಳಗೆ 4.20 ಗ್ರಾಂ, ಸರಿಯಾಗಿ 5 ಎಂಎಲ್. ನನ್ನ ಕೈಗೆ ಬಂದಾಗ ಪ್ಯಾಕೆಟ್ ತೆಗೀತಿದ್ದಂಗೆ ಘಮ್ ಅಂತು, ತೂಕ 24.75. ಸುಮಾರು 1 ಎಂಎಲ್ ದಾರೀಲೇ ಹೋಗಿತ್ತು. ಫೋಟೋ ಇದ್ದಿದ್ರಿಂದ ಯಾರೂ ಯಾರನ್ನೂ ಅನುಮಾನ ಪಡೋ ಪ್ರಶ್ನೆನೇ ಬರ್ಲಿಲ್ಲ, ಮೇಡಂ "ಮುಂದಿನ ಸಲ 1 ಎಂಎಲ್ ಸೇರ್ಸಿ ಹಾಕ್ತೇನೆ ಮಾರಾಯ್ರೆ" ಅಂದ್ರು, ಹಾಕಿದ್ರು ಕೂಡ. ಕಾರಣ ಶೀಶೆನ ಕುತ್ತಿಗೆ ಮಟ್ಟಕ್ಕೆ ತುಂಬಿದ್ದು. ಬೇಸಿಗೇಲಿ ಲಾರಿ ಒಳಗೆ ಬಿಸಿ ಆದಾಗ ಆಲ್ಕೋಹಾಲ್ ಹಿಗ್ಗತ್ತೆ, ಜಾಗ ಇಲ್ಲಾಂದ್ರೆ ಪಂಪ್ ತಿರುಗ್ಸಿ ಕೂರ್ಸೋ ಥ್ರೆಡ್ ಸಂದೀಲಿ ಹೊರಗೆ ಬರತ್ತೆ. ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಿ, ಪ್ಲಂಬರ್‌ಗಳು ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪ್ ಕುತ್ತಿಗೆ ಥ್ರೆಡ್‌ಗೆ ಎರಡು ಸುತ್ತು ಸುತ್ತಿ ಪಂಪ್ ಬಿಗಿ ಮಾಡಿ, ಜಿಪ್ ಕವರಲ್ಲಿ ಹಾಕಿ. ಪರ್ಫ್ಯೂಮ್ ಬೆಂಕಿ ಹತ್ತೋ ವಸ್ತು, ವಿಮಾನದಲ್ಲಿ ಹೋಗೋ ಪಾರ್ಸಲ್‌ಗೆ ಹಂಗೇ ಹಾಕಂಗಿಲ್ಲ, ಕೊರಿಯರ್ ಅಂಗಡೀಲಿ ಒಳಗೇನಿದೆ ಅಂತ ಸುಳ್ಳು ಹೇಳ್ದೆ, ತಗೋತಾರಾ ಕೇಳಿ, ತಗೊಂಡ್ರೆ ರಸ್ತೆ ಮೇಲೆ ಹೋಗೋ ಸರ್ಫೇಸ್ ಅಂತಾನೇ ಹಾಕ್ಸಿ. ಸ್ವಾಪ್‌ಗೆ 5ಕ್ಕೆ 3.5, ಕಾಯೋದು ಜಾಸ್ತಿ.

ಇನ್ನು ಜೋಡಿಸಿಡೋದು. ಶೀಶೆ ಹೆಚ್ಚಾದಂಗೆ ಬ್ರ್ಯಾಂಡ್ ಪ್ರಕಾರ, ಆಮೇಲೆ ಮಳೆಗಾಲ ಬೇಸಿಗೆ ಅಂತ ಜೋಡ್ಸಿ ನೋಡ್ದೆ. ಚಂದ ಕಾಣತ್ತೆ, ಆದ್ರೆ ಹಿಂದಿನ ಸಾಲಲ್ಲಿರೋದು ಸದ್ದಿಲ್ದೆ ಆರಿ ಹೋಗತ್ತೆ. ಪ್ಲಾಸ್ಟಿಕ್ ಮುಚ್ಚಳದ 1, 2 ಎಂಎಲ್ ಶೀಶೆಗಳು ಮುಟ್ದೆ ಇದ್ರೂ ಒಂದೆರಡು ವರ್ಷದಲ್ಲಿ ಇಳಿದಿರ್ತಾವೆ. ಈಗ ತುಂಬಿದ ತಾರೀಕಿನ ಪ್ರಕಾರ ಇಡ್ತೀನಿ, ಹಳೇದು ಮುಂದೆ. ಚಿಕ್ಕವು ಅಮ್ಮನ ಹಳೇ ಬಳೆ ಡಬ್ಬೀಲಿ, ಒಳಗೆ ರಟ್ಟಿನ ಅಡ್ಡ ಹಾಕಿ ನೆಟ್ಟಗೆ ನಿಲ್ಸಿದೀನಿ, ಮಲಗ್ಸಿದ್ರೆ ಸೋರೋ ಚಾನ್ಸ್ ಜಾಸ್ತಿ. ಡಬ್ಬಿಗಳು ಕಬ್ಬಿಣದ ಬೀರು ಒಳಗೆ, ಕೆಳಗಿನ ಖಾನೇಲಿ, ಪಶ್ಚಿಮದ ಬಿಸಿಲು ಬೀಳೋ ಗೋಡೆಗೆ ಬೀರು ತಾಗ್ದಂಗೆ. ಸ್ನಾನದ ಮನೆ ಶೆಲ್ಫು, ಕಿಟಕಿ ಪಕ್ಕದ ಡ್ರೆಸ್ಸಿಂಗ್ ಟೇಬಲ್ ಎರಡೂ ಬೇಡ.

ಪ್ರತಿ ಶೀಶೆಗೂ ಒಂದು ನಂಬರ್, ತಾರೀಕು, ಖಾಲಿ ತೂಕ, ಇಷ್ಟೇ ಲೇಬಲ್. ಮಾರ್ಕರಲ್ಲಿ ಬರೆದ್ರೆ ಒಂದು ಹನಿ ಆಲ್ಕೋಹಾಲ್ ತಾಗಿದ್ರೆ ಅಳಿಸೋಗತ್ತೆ, ಬಾಲ್ ಪೆನ್ನಲ್ಲಿ ಬರ್ದು ಮೇಲೆ ಸೆಲೋ ಟೇಪ್ ಅಂಟ್ಸಿ. ಉಳಿದಿದ್ದೆಲ್ಲ ಫೋನಲ್ಲಿರೋ ಶೀಟಲ್ಲಿ: ಹೆಸರು, ಯಾರಿಂದ ಬಂತು, ಈಗಿನ ತೂಕ, ಮತ್ತೆ "ನೋಡ್ಬೇಕು", "ಹಾಕ್ತೀನಿ", "ಸ್ವಾಪ್‌ಗೆ" ಅನ್ನೋ ಮೂರರಲ್ಲಿ ಒಂದು. ಯುಗಾದಿ, ದೀಪಾವಳಿ ಹೊತ್ತಿಗೆ ಎಲ್ಲಾನೂ ಒಂದ್ಸಲ ತೂಗ್ತೀನಿ, ಹಾಕ್ದೇ ಇರೋದರ ತೂಕ ಇಳಿದಿದ್ರೆ ಪಂಪ್ ಸೋರ್ತಿದೆ ಅಂತ, ಬೇರೆ ಶೀಶೆಗೆ ಹಾಕ್ತೀನಿ. ಬಣ್ಣ ಬದ್ಲಾದ್ರೆ ಗಾಬರಿ ಆಗ್ಬೇಡಿ, ವೆನಿಲ್ಲಾ ಇರೋವು ಕಂದು ಬಣ್ಣಕ್ಕೆ ತಿರ್ಗೋದು ಮಾಮೂಲು. ಮೊದಲ ಸ್ಪ್ರೇ ಹುಳಿ ಹುಳಿ, ವಾರ್ನಿಷ್ ಥರ ಬಂದು ಐದು ನಿಮಿಷ ಆದ್ರೂ ಹೋಗ್ಲಿಲ್ಲ ಅಂದ್ರೆ ಅದು ಕೆಟ್ಟಿದೆ.

ಅತ್ತರ್ ಇದ್ರೆ ಅದಕ್ಕೆ ಬೇರೆ ಡಬ್ಬಿ ಇಡಿ. ಎಣ್ಣೆ ಜಿನುಗಿ ಲೇಬಲ್ ಕಾಗದಕ್ಕೆಲ್ಲ ಹತ್ತತ್ತೆ, ಆಮೇಲೆ ಡಬ್ಬಿಲಿರೋದೆಲ್ಲ ಒಂದೇ ಥರ ನಾರತ್ತೆ. ಸಿರಿಂಜಲ್ಲಿ ಎಳೆದು ಹಂಚೋದೂ ಲುಕ್ಸಾನು, ಒಳಗೋಡೆಗೆ ಅಂಟ್ಕೊಂಡಿದ್ದು ವಾಪಸ್ ಬರಲ್ಲ, ಹಂಗಾಗಿ ಅತ್ತರನ್ನ ಸ್ವಾಪ್‌ಗೆ ನಾನು ಹಾಕಲ್ಲ, 3 ಎಂಎಲ್ ಶೀಶೆನೇ ಅಂಗಡಿಯಿಂದ ತಗೋತೀನಿ.